ಕೆಲಸ ಬಿಟ್ಟ ಮರುದಿನ ವಿಮೆ ಎಲ್ಲಿರುತ್ತದೆ?

ಕೇಳುಗರಿಗೆಲ್ಲ ನಮಸ್ಕಾರ.

ಕಳೆದ ಡಿಸೆಂಬರ್ ತಿಂಗಳ ನಡುವೆ, ಕಾಫಿ ಕುಯ್ಲು ಜೋರಾಗಿದ್ದ ಸಮಯದಲ್ಲಿ, ಬೆಳಗ್ಗೆ ಏಳು ಗಂಟೆಗೆ ನನಗೊಂದು ಫೋನ್ ಬಂತು. ನಾಪೋಕ್ಲು ಕಡೆಯ ಹುಡುಗ, ನಮಗೆ ದೂರದ ನೆಂಟ. "ಅಕ್ಕಾ, ರಾತ್ರಿ ಅಮ್ಮಂಗೆ ಎದೆನೋವು ಬಂತು, ಮೈಸೂರಿಗೆ ಕರ್ಕೊಂಡು ಬಂದ್ವಿ. ಇನ್ಶೂರೆನ್ಸ್ ಕಾರ್ಡ್ ಕೊಟ್ರೆ ನಡೆಯಲ್ಲ ಅಂತಿದ್ದಾರೆ. ಕಾರ್ಡಲ್ಲಿ ಮಾರ್ಚ್ 31ರವರೆಗೆ ಅಂತ ಇದೆಯಲ್ಲಕ್ಕಾ?"

ಅವನು ಏಳು ವರ್ಷ ಬೆಂಗಳೂರಿನ ಕಂಪನಿಯೊಂದರಲ್ಲಿದ್ದ. ಅಪ್ಪನಿಗೆ ತೋಟ ನೋಡಿಕೊಳ್ಳಲು ಆಗುತ್ತಿಲ್ಲ ಎಂದು ಅಕ್ಟೋಬರ್ 1ಕ್ಕೆ ರಾಜೀನಾಮೆ ಕೊಟ್ಟು, ನವೆಂಬರ್ 30ಕ್ಕೆ ಕೆಲಸ ಮುಗಿಸಿ ಊರಿಗೆ ಬಂದ. ತಾಯಿಗೆ 63 ವರ್ಷ, ಹಳೆಯ ಸಕ್ಕರೆ ಕಾಯಿಲೆ, ಬಿಪಿ. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ನಾನೂ ವರ್ಷಗಟ್ಟಲೆ ಬೆಂಗಳೂರಿನಲ್ಲಿ ಎಚ್‌ಆರ್ ಕೆಲಸ ಮಾಡಿದವಳು. ಆ ಫೋನ್ ಬಂದಾಗ ಕಾರಣ ತಕ್ಷಣ ಗೊತ್ತಾಯಿತು, ಆದರೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಕಾರ್ಡಿನಲ್ಲಿ ಅಚ್ಚಾಗಿರುವ ತಾರೀಖು ಕಂಪನಿಯ ಗುಂಪು ಪಾಲಿಸಿಯ ತಾರೀಖು, ನಮ್ಮದಲ್ಲ. ಆ ಪಾಲಿಸಿ ತೆಗೆದುಕೊಂಡವರು ಕಂಪನಿಯವರು. ನಾವು ಅದರ ಪಟ್ಟಿಯಲ್ಲಿರುವ ಒಂದು ಹೆಸರು. ಹೊಸಬರನ್ನು ಸೇರಿಸುವ, ಬಿಟ್ಟವರನ್ನು ತೆಗೆಯುವ ಪಟ್ಟಿ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಎಚ್‌ಆರ್‌ನಿಂದ ವಿಮಾ ಕಂಪನಿಗೆ ಹೋಗುತ್ತದೆ. ನಮ್ಮ ಹೆಸರು ತೆಗೆದಾಗ ಉಳಿದ ತಿಂಗಳುಗಳ ಕಂತಿನ ಹಣ ಲೆಕ್ಕಹಾಕಿ ಕಂಪನಿಯ ಖಾತೆಗೆ ವಾಪಸ್ ಬರುತ್ತದೆ. ನಮ್ಮ ಹೆಸರಿನ ಜೊತೆಗೆ ಹೆಂಡತಿ, ಮಕ್ಕಳು, ತಂದೆತಾಯಿ ಎಲ್ಲರ ಹೆಸರೂ ಅದೇ ದಿನ ಹೋಗುತ್ತದೆ. ತಂದೆತಾಯಿಯ ಕಂತನ್ನು ನಮ್ಮ ಸಂಬಳದಿಂದಲೇ ಹಿಡಿದಿದ್ದರೂ ಅಷ್ಟೇ. ಮೊಬೈಲಿನಲ್ಲಿ ಇಳಿಸಿಕೊಂಡ ಕಾರ್ಡು ಮಾತ್ರ ಮೊದಲಿದ್ದ ಹಾಗೇ ಇರುತ್ತದೆ, ಅದರ ಮೇಲೆ ಮಾರ್ಚ್ 31 ಎಂದೇ ಇರುತ್ತದೆ. ಹುಡುಗ ನಂಬಿದ್ದು ಅದನ್ನು.

ಆಸ್ಪತ್ರೆಯ ಬಿಲ್ ಮೂರು ಲಕ್ಷದ ನಲವತ್ತು ಸಾವಿರ ಆಯಿತು. ಬೆಲೆ ಏರಲಿ ಎಂದು ಅಟ್ಟದಲ್ಲಿ ಇಟ್ಟಿದ್ದ ಕರಿಮೆಣಸಿನ ಚೀಲಗಳನ್ನು ಆ ವಾರವೇ ಇಳಿಸಿ ಮಾರಿದರು. ತಾಯಿ ಈಗ ಚೆನ್ನಾಗಿದ್ದಾರೆ.

ಆಮೇಲೆ ಅವನು ತನ್ನ ಹಳೆಯ ಆಫರ್ ಲೆಟರ್ ತಂದು ನನಗೆ ತೋರಿಸಿದ. ವರ್ಷಕ್ಕೆ 12 ಲಕ್ಷದ ಸಂಬಳದ ಲೆಕ್ಕದಲ್ಲಿ ಕೊನೆಯ ಸಾಲು: ವಿಮೆ, 18,000 ರೂಪಾಯಿ. ಕೈಗೆ ಬಾರದ ಹಣ ಎಂದು ಅವನು ಆ ಸಾಲನ್ನು ಎಂದೂ ನೋಡಿರಲಿಲ್ಲ. ಅದೇ ರಕ್ಷಣೆಯನ್ನು ಹೊರಗೆ ಕೊಳ್ಳಲು ಎಷ್ಟಾಗುತ್ತದೆ ಎಂದು ಇಬ್ಬರೂ ಕೂತು ವಿಚಾರಿಸಿದೆವು. ತಂದೆತಾಯಿಗೆ ಐದು ಲಕ್ಷದ್ದು, ಅವನ ಸಂಸಾರಕ್ಕೆ ಐದು ಲಕ್ಷದ್ದು, ಅವನ ಜೀವ ಹೋದರೆ ಮನೆಯವರಿಗೆ ಹಣ ಸಿಗುವ ಒಂದು ಟರ್ಮ್ ಪಾಲಿಸಿ. ಮೂರೂ ಸೇರಿ ವರ್ಷಕ್ಕೆ 80,000 ರೂಪಾಯಿ ದಾಟಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ, ಜೀವ ವಿಮೆಯ ಕಂತಿಗೆ ಜಿಎಸ್‌ಟಿ ಇಲ್ಲ, ಅದಿಲ್ಲದೆಯೇ ಇಷ್ಟು. ಊರಿಗೆ ಬರುವ ಮುಂಚೆ ಖರ್ಚಿನ ಲೆಕ್ಕ ಹಾಕುವಾಗ ಅವನು ಬರೆದುಕೊಂಡದ್ದು ಕೈಗೆ ಬರುತ್ತಿದ್ದ ಸಂಬಳವನ್ನು ಮಾತ್ರ.

ಹಣದ ವ್ಯತ್ಯಾಸಕ್ಕಿಂತ ದೊಡ್ಡದು ಇನ್ನೊಂದಿದೆ. ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಹಣ ಸಿಗುತ್ತದೆ. ಸಕ್ಕರೆ ಇದೆಯಾ, ಬಿಪಿ ಇದೆಯಾ ಎಂದು ಯಾರೂ ಕೇಳುವುದಿಲ್ಲ. ಹೊರಗೆ ಹೊಸ ಪಾಲಿಸಿ ಕೊಂಡರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಸಿಗದು. ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಮೊದಲು ಈ ಮಿತಿ ನಾಲ್ಕು ವರ್ಷವಿತ್ತು, 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಮೂರಕ್ಕೆ ಇಳಿಸಿತು.

ಈ ಕಾಯುವಿಕೆಯಿಂದ ಪಾರಾಗಲು ಒಂದು ದಾರಿಯಿದೆ, ಅದಕ್ಕೆ ಮೈಗ್ರೇಷನ್ ಎನ್ನುತ್ತಾರೆ. ಗುಂಪು ಪಾಲಿಸಿ ನಡೆಸುತ್ತಿದ್ದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಹೋಗುವುದು. ಹಾಗೆ ಹೋದರೆ ಗುಂಪಿನಲ್ಲಿ ಬಿಡದೆ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಜಮಾ ಆಗುತ್ತವೆ. ಆ ಜಮಾ ಹಳೆಯ ಮೊತ್ತಕ್ಕೆ ಮಾತ್ರ. ಐದು ಲಕ್ಷ ಇದ್ದವರು ಹತ್ತು ಲಕ್ಷದ್ದು ಕೊಂಡರೆ, ಮೇಲಿನ ಐದು ಲಕ್ಷಕ್ಕೆ ಹೊಸದಾಗಿ ಕಾಯಬೇಕು.

ಇದು ತಾನಾಗಿ ಆಗುವುದಿಲ್ಲ, ನಾವೇ ಅರ್ಜಿ ಹಾಕಬೇಕು. ಸಾಧಾರಣ ನಿಯಮದಲ್ಲಿ ಪಾಲಿಸಿ ನವೀಕರಣಕ್ಕೆ 30 ದಿನ ಮುಂಚೆ ಅರ್ಜಿ ಕೇಳುತ್ತಾರೆ. ನಡುವೆ ಕೆಲಸ ಬಿಡುವವರಿಗೆ ಎಷ್ಟು ದಿನ ಎಂಬುದು ಆ ಗುಂಪು ಪಾಲಿಸಿಯ ಷರತ್ತಿನಲ್ಲಿರುತ್ತದೆ. ಆದ್ದರಿಂದ ರಾಜೀನಾಮೆ ಕೊಟ್ಟ ವಾರವೇ ಎಚ್‌ಆರ್‌ಗೆ ಮೇಲ್ ಹಾಕಿ ಮೂರು ಸಂಗತಿ ಕೇಳಬೇಕು: ವಿಮಾ ಕಂಪನಿ ಯಾವುದು, ಪಾಲಿಸಿ ನಂಬರ್ ಏನು, ಮನೆಯವರೆಲ್ಲ ಯಾವ ದಿನದಿಂದ ಸೇರಿದ್ದಾರೆ. ಕಾರ್ಡ್ ಮೇಲಿರುವ ದೊಡ್ಡ ಹೆಸರು ಎಷ್ಟೋ ಸಲ ಟಿಪಿಎಯದ್ದು, ಅಂದರೆ ಕ್ಲೇಮ್ ಕಾಗದ ನೋಡುವ ಮಧ್ಯವರ್ತಿಯದ್ದು. ಅವರಿಗೆ ಅರ್ಜಿ ಹಾಕಿ ದಿನ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಕಡಿಮೆ ಕಂತಿಗೆ ಸಿಗುತ್ತದೆಂದು ಎಷ್ಟೋ ಕಂಪನಿಗಳು ವರ್ಷ ವರ್ಷ ವಿಮೆಯವರನ್ನು ಬದಲಿಸುತ್ತವೆ. ಈಗಿನವರ ಬಳಿ ಅವರ ಕಾಲದ ದಾಖಲೆ ಮಾತ್ರ ಇರುತ್ತದೆ. ಹಾಗಾಗಿ ಪ್ರತಿ ವರ್ಷದ ಕಾರ್ಡನ್ನೂ ಇಳಿಸಿ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಆಫೀಸಿನ ಮೇಲ್ ಕೊನೆಯ ದಿನ ಸಂಜೆಯೇ ಮುಚ್ಚಿಹೋಗುತ್ತದೆ.

ಮೈಗ್ರೇಷನ್ ಅರ್ಜಿ ಹಾಕಿದ ಮಾತ್ರಕ್ಕೆ ಸಿಕ್ಕಿತು ಎಂದಲ್ಲ. ವಿಮಾ ಕಂಪನಿ ವಯಸ್ಸು, ಆರೋಗ್ಯ ನೋಡಿ ಕಂತು ನಿಗದಿ ಮಾಡುತ್ತದೆ, ತಪಾಸಣೆ ಕೇಳಬಹುದು, ಒಲ್ಲೆ ಎನ್ನಲೂಬಹುದು. ಆ ಉತ್ತರ ನೋಟಿಸ್ ಪೀರಿಯಡ್‌ನಲ್ಲೇ ಸಿಕ್ಕರೆ ಬೇರೆ ದಾರಿ ನೋಡಲು ಸಮಯವಿರುತ್ತದೆ. ನಮ್ಮ ಹುಡುಗನಿಗೆ ಆ ಅರುವತ್ತು ದಿನ ಇತ್ತು. ಇಂಥದ್ದೊಂದು ಇದೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ನನಗೆ ಇದೇ ಸಂಕಟ. ಲ್ಯಾಪ್‌ಟಾಪ್ ವಾಪಸ್ ಕೊಡಲು, ಐಡಿ ಕಾರ್ಡ್ ವಾಪಸ್ ಕೊಡಲು ಪಟ್ಟಿ ಕೊಡುತ್ತಾರೆ, ಅದರಲ್ಲಿ ವಿಮೆಯ ಒಂದು ಸಾಲು ಇರುವುದಿಲ್ಲ. ಅಂಥ ಪಟ್ಟಿಗಳನ್ನು ನಾನೇ ಎಷ್ಟೋ ಜನರ ಕೈಗೆ ಕೊಟ್ಟಿದ್ದೇನೆ.

ಮುಂದೊಂದು ದಿನ ತೋಟಕ್ಕೆ ಮರಳುವ ಯೋಚನೆ ಇರುವವರು ಇನ್ನೂ ಮುಂಚೆ ಶುರುಮಾಡಬಹುದು. ಕೆಲಸದಲ್ಲಿರುವಾಗಲೇ ತಂದೆತಾಯಿಗೆ ಒಂದು ಸ್ವಂತ ಪಾಲಿಸಿ ಕೊಂಡರೆ, ಕಾಯುವ ವರ್ಷಗಳು ಕಂಪನಿಯ ವಿಮೆಯ ನೆರಳಲ್ಲೇ ಕಳೆಯುತ್ತವೆ. ಕಾಯಿಲೆಗಳನ್ನು ಮಾತ್ರ ಮುಚ್ಚಿಡದೆ ಬರೆಯಬೇಕು.

ಇನ್ನು ಟರ್ಮ್ ವಿಮೆ. ಅವನಿಗೆ ಸಂಬಳದ ಮೂರು ಪಟ್ಟು, 36 ಲಕ್ಷದ್ದಿತ್ತು. ಗುಂಪಿನ ಟರ್ಮ್ ವಿಮೆಯಲ್ಲಿ ಒಂದು ಮಿತಿಯವರೆಗೆ ವೈದ್ಯಕೀಯ ಪರೀಕ್ಷೆ ಇಲ್ಲದೆ ಎಲ್ಲರನ್ನೂ ಸೇರಿಸುತ್ತಾರೆ, ಅದೇ ಅದರ ದೊಡ್ಡ ಅನುಕೂಲ. ಆದರೆ ಅದು ನೌಕರಿಯಲ್ಲಿರುವವರೆಗೆ ಮಾತ್ರ. ಬಿಟ್ಟ ಮರುದಿನ ಜೀವ ಹೋದರೂ ಮನೆಯವರಿಗೆ ಅದರಿಂದ ಒಂದು ರೂಪಾಯಿ ಬಾರದು. ಪಿಎಫ್ ಜೊತೆಗಿರುವ, ಹೆಚ್ಚೆಂದರೆ ಏಳು ಲಕ್ಷ ಸಿಗುವ ಇಡಿಎಲ್ಐ ವಿಮೆಯೂ ನೌಕರಿಗೇ ಕಟ್ಟಿಕೊಂಡದ್ದು.

ತೋಟದ ಸಾಲಕ್ಕೆ ಅವನೂ ಸಹಿ ಹಾಕಿದ್ದಾನೆ. ತನಗೇನಾದರೂ ಆದರೆ ಕಂಪನಿಯ 36 ಲಕ್ಷವಿದೆ ಎಂದು ಧೈರ್ಯವಾಗಿದ್ದನಂತೆ. ಜನವರಿಯಲ್ಲಿ ಸ್ವಂತ ಟರ್ಮ್ ಪಾಲಿಸಿಗೆ ಅರ್ಜಿ ಹಾಕಿದಾಗ ರಕ್ತಪರೀಕ್ಷೆಯಲ್ಲಿ ಅವನಿಗೂ ಸಕ್ಕರೆ ಶುರುವಾಗಿರುವುದು ಕಂಡಿತು. ಪಾಲಿಸಿ ಸಿಕ್ಕಿತು, ಮೊದಲು ಹೇಳಿದ್ದಕ್ಕಿಂತ ಹೆಚ್ಚಿನ ಕಂತಿಗೆ. ತಾಯಿಗೂ ಐದು ಲಕ್ಷದ ಹೊಸ ಪಾಲಿಸಿ ಮಾಡಿಸಿದ್ದಾನೆ. ಹೃದಯಕ್ಕೆ, ಸಕ್ಕರೆಗೆ ಅದರಿಂದ ಹಣ ಸಿಗುವುದು ಮೂರು ವರ್ಷ ತುಂಬಿದ ಮೇಲೆ. ಆ ತಾರೀಖನ್ನು ಪಾಲಿಸಿಯ ಮೊದಲ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಬರೆದು ಬೀರುವಿನಲ್ಲಿಟ್ಟಿದ್ದಾನೆ.

ನಮಸ್ಕಾರ.