ಬರೆದಿಟ್ಟ ಉತ್ತರವನ್ನು ಮುಚ್ಚಿಟ್ಟು ಲೆಕ್ಕ ಮಾಡುವುದು

ಶಿಕ್ಷಕ ಬಂಧುಗಳೇ,

ಮಗು ಪೆನ್ಸಿಲಿನಲ್ಲಿ ತುಂಬಿಟ್ಟ ಅಭ್ಯಾಸ ಹಾಳೆಯೊಂದೇ ಕೈಯಲ್ಲಿದ್ದು, ಅದರ ಪ್ರಶ್ನೆಗಳಿಗೆ ನಾವೇ ಹೊಸದಾಗಿ ಉತ್ತರ ಬರೆಯಬೇಕಾದ ಸಂದರ್ಭ ನಮಗೆಲ್ಲ ಒದಗುತ್ತದೆ. ನಮ್ಮ ಚಿಕ್ಕಮಗಳೂರಿನ ಮಕ್ಕಳಿಗೆ ಪರಿಚಿತವಾದ ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ: ‘ನರ್ಸರಿಯಲ್ಲಿ 503 ಕಾಫಿ ಸಸಿಗಳಿದ್ದವು. 267 ನೆಟ್ಟರೆ ಉಳಿದವೆಷ್ಟು? ಉಳಿದವನ್ನು 4 ಸಾಲುಗಳಲ್ಲಿ ಸಮನಾಗಿ ಇಟ್ಟರೆ ಸಾಲಿಗೆಷ್ಟು?’ ಮಗು 364 ಎಂದೂ 91 ಎಂದೂ ಬರೆದಿದೆ.

ಈ ಉತ್ತರವನ್ನು ಮೊದಲು ಓದಿದವರು ಮೋಸಹೋಗುವುದು ಸುಲಭ, ಏಕೆಂದರೆ 364 ನಾಲ್ಕರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಅಚ್ಚುಕಟ್ಟಾಗಿ 91 ಬಂದದ್ದನ್ನು ಕಂಡ ಕಣ್ಣು ಹಿಂದಿನ ಹೆಜ್ಜೆಯನ್ನು ಪರೀಕ್ಷಿಸುವ ಗೋಜಿಗೆ ಹೋಗುವುದಿಲ್ಲ. ಆದ್ದರಿಂದ ನಾನು ಉತ್ತರದ ಜಾಗದ ಮೇಲೆ ದಪ್ಪ ಕಾಗದದ ಪಟ್ಟಿಯನ್ನಿಟ್ಟು, ಪ್ರಶ್ನೆಯನ್ನು ಮಾತ್ರ ಬೇರೆ ಹಾಳೆಗೆ ನಕಲು ಮಾಡಿಕೊಳ್ಳುತ್ತೇನೆ.

ನಕಲು ಮಾಡುವಾಗಲೇ ನಿಜವಾದ ತೊಡಕು ಎದುರಾಗುತ್ತದೆ. ಮಕ್ಕಳು ಅಚ್ಚಾದ ಅಂಕಿಗಳ ಮೇಲೂ ಗೀಚುತ್ತಾರೆ. ಈ ಹಾಳೆಯಲ್ಲಿ 503ರ ಸೊನ್ನೆಯ ನಡುವೆ ಪೆನ್ಸಿಲಿನ ಗೆರೆಯೊಂದು ಹಾದು, ಅದು 8ರಂತೆ ಕಾಣುತ್ತಿದೆ. 583 ಎಂದು ಓದಿಕೊಂಡರೆ ಉಳಿಯುವುದು 316, ಸಾಲಿಗೆ 79; ಇದೂ ಸರಿಯಾಗಿಯೇ ಭಾಗವಾಗುವುದರಿಂದ ತಪ್ಪು ತಾನಾಗಿ ಬಯಲಾಗುವುದಿಲ್ಲ. ಇಂಥಲ್ಲಿ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಪೆನ್ಸಿಲಿನ ಗೆರೆ ಮಿನುಗುತ್ತದೆ, ಅಚ್ಚಿನ ಮಸಿ ಅಷ್ಟು ಮಿನುಗುವುದಿಲ್ಲ. ಅದಕ್ಕಿಂತ ಭದ್ರವಾದ ದಾರಿ ಇನ್ನೊಂದು ಮಗುವಿನ ಹಾಳೆಯನ್ನು ನೋಡುವುದು.

503 ಎಂದು ಖಚಿತವಾದ ಮೇಲೆ ಬಿಡಿಸೋಣ. ದಶಕದಲ್ಲಿ ಸೊನ್ನೆ ಇರುವುದರಿಂದ ನೂರರಿಂದಲೇ ಸಾಲ ತರಬೇಕು: 4 ನೂರು, 9 ಹತ್ತು, 13 ಬಿಡಿ. ಕಳೆದರೆ 236, ಸಾಲಿಗೆ 59. ತಾಳೆ ನೋಡಲು 236ಕ್ಕೆ 267 ಕೂಡಿಸಿದರೆ 503 ಬರುತ್ತದೆ. ಮಗುವಿನ 364ಕ್ಕೆ ಕೂಡಿಸಿದರೆ 631 ಆಗುತ್ತದೆ.

ಪಟ್ಟಿಯನ್ನು ತೆಗೆಯಬೇಕಾದದ್ದು ಈಗ. ಮಗು ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 5ರಲ್ಲಿ 2, 6ರಲ್ಲಿ 0, 7ರಲ್ಲಿ 3. ಆದರೆ ಒಂದೇ ಲೆಕ್ಕದಿಂದ ಇದನ್ನು ತೀರ್ಮಾನಿಸುವುದು ಆತುರವಾದೀತು. ಅದೇ ಹಾಳೆಯಲ್ಲಿ 640ರಿಂದ 218 ಕಳೆದು, 422ರ ಬದಲು 438 ಬರೆದಿರುವುದನ್ನು ಕಂಡಾಗ ಸಂಶಯ ಬಲವಾಗುತ್ತದೆ. ಸಾಲವೇ ಬೇಡದ 785ರಿಂದ 342 ಕಳೆಯುವ ಲೆಕ್ಕದಲ್ಲಿ 443 ಎಂದು ಸರಿಯಾಗಿಯೇ ಬಂದಿದೆ. ಹೀಗಾಗಿ ಈ ಮಗುವಿಗೆ ಕಳೆಯುವುದು ಬರುತ್ತದೆ, ಬಾರದಿರುವುದು ಸಾಲ ತರುವುದು ಮಾತ್ರ.

ಇನ್ನು 91ರ ವಿಚಾರ. ನಾವು ಹೊಸದಾಗಿ ಬರೆಯುವ ಉತ್ತರಗಳಲ್ಲಿ ಇದರ ಜಾಗದಲ್ಲಿ 59 ಮಾತ್ರ ಇರಬೇಕು. ಆದರೆ 364ನ್ನು ನಾಲ್ಕರಿಂದ ಭಾಗಿಸಿದ ಕ್ರಮ ಸರಿಯಿದೆ. ಎರಡಕ್ಕೂ ಒಂದೇ ಕೆಂಪು ಗೆರೆ ಎಳೆಯುವುದನ್ನು ನಾನು ಒಪ್ಪಲಾರೆ. 364ರ ಪಕ್ಕದಲ್ಲಿ ತಪ್ಪಿನ ಗುರುತು ಹಾಕಿ, 91ರ ಪಕ್ಕದಲ್ಲಿ ‘ಭಾಗಾಕಾರ ಸರಿ, ಮೇಲಿನ ಸಂಖ್ಯೆ ನೋಡು’ ಎಂದು ಬರೆಯುತ್ತೇನೆ.