ಮೈದಾನಕ್ಕೆ ಇಳಿಯಬಾರದ ದಿನ: ಯಾವ ಕೋಣೆ, ಯಾವ ಆಟ?

ಕೇಳುಗರೆಲ್ಲರಿಗೂ ನಮಸ್ಕಾರ. ದೈಹಿಕ ಶಿಕ್ಷಣದ ಶಿಕ್ಷಕರಿಗೂ ಮುಖ್ಯೋಪಾಧ್ಯಾಯರಿಗೂ ಈ ಹೊತ್ತು ಒಂದು ವಿಷಯ ಹೇಳಬೇಕೆಂದು ಬಂದಿದ್ದೇನೆ. ಗಾಳಿ ಕೆಟ್ಟ ದಿನ ಶಾಲೆಗಳು ಸಾಮಾನ್ಯವಾಗಿ ಕೈಗೊಳ್ಳುವ ಕ್ರಮ ಒಂದೇ: ಮೈದಾನದ ಆಟವನ್ನು ಸಭಾಂಗಣಕ್ಕೆ ಸಾಗಿಸುವುದು. ಹೊರಗೆ ಓಡಬೇಕಾಗಿದ್ದ ಮಕ್ಕಳು ಕಿಟಕಿ ಬಾಗಿಲು ತೆರೆದ ದೊಡ್ಡ ಹಾಲಿನಲ್ಲಿ ಓಡುತ್ತಾರೆ. ತಲೆಯ ಮೇಲೆ ಚಾವಣಿ ಬಂತು, ಆದರೆ ಎದೆಯೊಳಗೆ ಹೋಗುವ ಗಾಳಿ ಬದಲಾಗಲಿಲ್ಲ. ಕಿಟಕಿಗಳು ತೆರೆದಿದ್ದರೆ ಒಳಗಿನ ಸೂಕ್ಷ್ಮ ಕಣಗಳ ಪ್ರಮಾಣ ಬಹುಬೇಗ ಹೊರಗಿನದಕ್ಕೆ ಸಮನಾಗಿಬಿಡುತ್ತದೆ.

ಈ ಸೂಕ್ಷ್ಮ ಕಣಗಳನ್ನು ಪಿಎಂ 2.5 ಎಂದು ಕರೆಯುತ್ತಾರೆ. ಇವುಗಳ ವ್ಯಾಸ ಒಂದು ಮೀಟರಿನ ಹತ್ತು ಲಕ್ಷದಲ್ಲಿ ಎರಡೂವರೆ ಭಾಗ ಅಥವಾ ಅದಕ್ಕಿಂತಲೂ ಕಡಿಮೆ. ತಲೆಗೂದಲು ಇದಕ್ಕಿಂತ ಇಪ್ಪತ್ತು ಮೂವತ್ತು ಪಟ್ಟು ದಪ್ಪ. ಇಷ್ಟು ಚಿಕ್ಕದಾದ್ದರಿಂದ ಇವು ಶ್ವಾಸಕೋಶದ ಆಳದ ಗಾಳಿಚೀಲಗಳವರೆಗೆ ಇಳಿಯುತ್ತವೆ. ಇಪ್ಪತ್ತನಾಲ್ಕು ಗಂಟೆಗಳ ಸರಾಸರಿ ಘನ ಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ.

ಮಗುವಿನ ಎದೆಗೆ ಎಷ್ಟು ಕಣ ಇಳಿಯುತ್ತದೆ ಎಂಬುದು ಮೂರು ಸಂಗತಿಗಳ ಗುಣಾಕಾರ: ಗಾಳಿಯಲ್ಲಿ ಎಷ್ಟು ಕಣಗಳಿವೆ, ಮಗು ನಿಮಿಷಕ್ಕೆ ಎಷ್ಟು ಗಾಳಿ ಎಳೆದುಕೊಳ್ಳುತ್ತದೆ, ಎಷ್ಟು ನಿಮಿಷ. ಇವುಗಳಲ್ಲಿ ಎರಡನೆಯದನ್ನು ನಾವು ಮರೆಯುತ್ತೇವೆ. ಸುಮ್ಮನೆ ಕುಳಿತ ಹನ್ನೆರಡು ವರ್ಷದ ಮಗು ನಿಮಿಷಕ್ಕೆ ಸುಮಾರು ಎಂಟು ಲೀಟರ್ ಗಾಳಿ ಸೇವಿಸುತ್ತದೆ ಎಂದಿಟ್ಟುಕೊಳ್ಳಿ. ಜೋರಾಗಿ ಓಡುವಾಗ ಅದು ನಲವತ್ತು ಲೀಟರ್ ಆಗಬಹುದು. ಜೊತೆಗೆ ಏದುಸಿರು ಬಂದಾಗ ಬಾಯಿ ತೆರೆದುಕೊಳ್ಳುತ್ತದೆ, ಮೂಗು ಮಾಡುವ ಅಷ್ಟಿಷ್ಟು ಸೋಸುವಿಕೆಯೂ ತಪ್ಪುತ್ತದೆ.

ಒಂದು ದಿನದ ಲೆಕ್ಕವನ್ನೇ ಮಾಡಿ ನೋಡೋಣ. ಹೊರಗೆ ಘನ ಮೀಟರಿಗೆ 160 ಮೈಕ್ರೋಗ್ರಾಂ ಇದೆ. ಕಿಟಕಿ ಮುಚ್ಚಿ ಏರ್ ಪ್ಯೂರಿಫೈಯರ್ ಓಡಿಸಿದ ಕೋಣೆಯಲ್ಲಿ 70 ಇದೆ. ಮೈದಾನದಲ್ಲಿ ಇಪ್ಪತ್ತು ನಿಮಿಷ ಓಡಿದ ಮಗು 800 ಲೀಟರ್, ಅಂದರೆ 0.8 ಘನ ಮೀಟರ್ ಗಾಳಿ ಸೇವಿಸಿ 128 ಮೈಕ್ರೋಗ್ರಾಂ ಕಣಗಳನ್ನು ಒಳಗೆಳೆದುಕೊಳ್ಳುತ್ತದೆ. ಕಿಟಕಿ ತೆರೆದ ಹಾಲಿನಲ್ಲಿ ಓಡಿದರೂ ಹೆಚ್ಚುಕಡಿಮೆ ಅಷ್ಟೇ. ತೆರೆದ ಕಿಟಕಿಯ ತರಗತಿಯಲ್ಲಿ ಸುಮ್ಮನೆ ಕುಳಿತವನಿಗೆ 26. ಮುಚ್ಚಿದ ಕೋಣೆಯಲ್ಲಿ ನಿಮಿಷಕ್ಕೆ ಹದಿನಾರು ಲೀಟರ್ ಉಸಿರು ಬೇಕಾಗುವಂಥ ಹಗುರ ಚಟುವಟಿಕೆ ಮಾಡಿದವನಿಗೆ 22. ಕೊನೆಯ ಎರಡು ಸಂಖ್ಯೆಗಳನ್ನು ದಯವಿಟ್ಟು ಮತ್ತೊಮ್ಮೆ ಕೇಳಿಸಿಕೊಳ್ಳಿ: ಕುಳಿತವನಿಗೆ 26, ಮೈ ಬಳಸಿದವನಿಗೆ 22. ಕೋಣೆಯನ್ನೂ ಚಟುವಟಿಕೆಯನ್ನೂ ಸರಿಯಾಗಿ ಆರಿಸಿದರೆ ಮಕ್ಕಳನ್ನು ಬೆಂಚಿಗೆ ಅಂಟಿಸಿ ಕೂರಿಸಬೇಕಾಗಿಲ್ಲ.

ಆದ್ದರಿಂದ ಮೊದಲ ಕೆಲಸ ಕೋಣೆಯನ್ನು ಗುರುತಿಸುವುದು. ಇದನ್ನು ಗಾಳಿ ಕೆಡುವ ಕಾಲ ಬಲವಾಗುವ ಮೊದಲೇ ಮಾಡಿಟ್ಟುಕೊಳ್ಳಬೇಕು. ಕೈಯಲ್ಲಿ ಹಿಡಿಯಬಹುದಾದ ಒಂದು ಕಣಮಾಪಕ ಸಾಕು. ಸ್ವಲ್ಪ ಮಬ್ಬಾದ ಒಂದು ದಿನ ಮೂರು ನಾಲ್ಕು ಕೋಣೆಗಳಲ್ಲಿ ಮಕ್ಕಳ ಮುಖದ ಎತ್ತರಕ್ಕೆ ಅದನ್ನಿಟ್ಟು ಅಳೆಯಿರಿ. ಮೊದಲು ಕಿಟಕಿ ತೆರೆದು, ಆಮೇಲೆ ಎಲ್ಲ ಮುಚ್ಚಿ ಅರ್ಧ ಗಂಟೆ ಕಳೆದ ಮೇಲೆ. ಯಾವ ಕೋಣೆಯಲ್ಲಿ ಸಂಖ್ಯೆ ಚೆನ್ನಾಗಿ ಇಳಿಯುತ್ತದೋ ಅದೇ ನಿಮ್ಮ ಕೋಣೆ. ಬಹಳ ಸಲ ಅದು ದೊಡ್ಡ ಹಾಲ್ ಆಗಿರುವುದಿಲ್ಲ. ರಸ್ತೆಗೆ ಬೆನ್ನು ಮಾಡಿದ, ಅಡುಗೆಮನೆಯಿಂದ ದೂರದ, ಕಿಟಕಿಗಳು ಬಿಗಿಯಾಗಿ ಮುಚ್ಚಿಕೊಳ್ಳುವ ಒಂದು ಸಾಧಾರಣ ತರಗತಿಯೇ ಆಗಿರುತ್ತದೆ. ಮಂಜು ಕವಿದ ದಿನ ಇಂಥ ಅಗ್ಗದ ಮಾಪಕಗಳು ನೀರಿನ ಹನಿಗಳನ್ನೂ ಕಣವೆಂದು ಎಣಿಸಿ ಹೆಚ್ಚು ತೋರಿಸುತ್ತವೆ, ಆ ದಿನದ ಅಳತೆಯನ್ನು ಮಾತ್ರ ನಂಬಿ ಕೋಣೆ ಆರಿಸಬೇಡಿ.

ಪ್ಯೂರಿಫೈಯರ್ ಕೊಳ್ಳುವುದಾದರೆ ಡಬ್ಬಿಯ ಮೇಲಿನ ಚದರಡಿಯನ್ನು ಬಿಟ್ಟು, ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬುದನ್ನು ನೋಡಿ. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ 144 ಘನ ಮೀಟರ್ ಗಾಳಿಯಿದೆ. ಗಂಟೆಗೆ 300 ಘನ ಮೀಟರ್ ಕೊಡುವ ಒಂದು ಯಂತ್ರ ಆ ಗಾಳಿಯನ್ನು ಗಂಟೆಗೆ ಎರಡು ಸಲ ಸೋಸಿದಂತೆ. ಅದು ಸಾಲದು, ಎರಡು ಯಂತ್ರಗಳು ಬೇಕು. ಅವಧಿಗೆ ಅರ್ಧ ಗಂಟೆ ಮೊದಲೇ ಅವನ್ನು ಚಾಲೂ ಮಾಡಬೇಕು. ಯಂತ್ರವಿಲ್ಲದ ಶಾಲೆಗೂ ಬಿಗಿಯಾಗಿ ಮುಚ್ಚುವ ಕಿಟಕಿಗಳಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ. ಎಷ್ಟು ಎಂಬುದನ್ನು ನಿಮ್ಮ ಅಳತೆಯೇ ಹೇಳಬೇಕು.

ಮುಚ್ಚಿದ ಕೋಣೆಗೆ ಇನ್ನೊಂದು ತೊಂದರೆಯಿದೆ. ಅಂಥ ಕೋಣೆಯಲ್ಲಿ ನಲವತ್ತು ಮಕ್ಕಳು ನಲವತ್ತು ನಿಮಿಷ ಮೈ ಆಡಿಸಿದರೆ, ಅವರು ಬಿಡುವ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಯಲ್ಲಿರುವುದಕ್ಕಿಂತ ಹಲವು ಪಟ್ಟು ಏರಬಹುದು. ಪ್ಯೂರಿಫೈಯರ್ ಇದನ್ನು ಕಡಿಮೆ ಮಾಡುವುದಿಲ್ಲ, ಅದು ಸೋಸುವುದು ಕಣಗಳನ್ನು ಮಾತ್ರ. ಒಳಗೆ ಕಾಲಿಟ್ಟ ಕೂಡಲೇ ಉಸಿರುಕಟ್ಟಿದಂಥ ವಾಸನೆ, ಮಕ್ಕಳ ತಲೆನೋವು, ತೂಕಡಿಕೆ ಇವೇ ಲಕ್ಷಣಗಳು. ಅದಕ್ಕೇ ನಾನು ತರಗತಿಯನ್ನು ಎರಡು ಭಾಗ ಮಾಡಿ ಎಂದು ಒತ್ತಾಯಿಸುತ್ತೇನೆ. ಇಪ್ಪತ್ತು ಮಕ್ಕಳು ಇಪ್ಪತ್ತು ನಿಮಿಷ ಈ ಕೋಣೆಯಲ್ಲಿ. ಉಳಿದ ಇಪ್ಪತ್ತು ಮಕ್ಕಳು ಪಕ್ಕದ ತರಗತಿಯಲ್ಲಿ ಕುಳಿತು ತಮ್ಮ ನಾಡಿಬಡಿತ ಎಣಿಸುವುದು, ಆಟವೊಂದಕ್ಕೆ ಹೊಸ ನಿಯಮ ಬರೆಯುವುದು. ಆಮೇಲೆ ಅದಲುಬದಲು. ನಡುವೆ ಕೋಣೆಯ ಒಳಬದಿಯ ಬಾಗಿಲನ್ನು, ಅಂದರೆ ಮೊಗಸಾಲೆಯ ಕಡೆಯದನ್ನು, ಕೆಲ ನಿಮಿಷ ತೆರೆದಿಡಿ.

ಇನ್ನು ಏನು ಆಡಿಸುವುದು? ಇಲ್ಲೊಂದು ಸುಲಭವಾದ ಅಳತೆಗೋಲು ಇದೆ: ಬಾಯಿ ಮುಚ್ಚಿ ಮೂಗಿನಿಂದಲೇ ಉಸಿರಾಡುತ್ತ ಮಾಡಲಾಗುವಂಥದ್ದು ಮಾತ್ರ ಇಂದಿನ ಆಟ. ಅದರ ಜೊತೆಗೆ, ಆಡುತ್ತಿರುವ ಮಗುವನ್ನು ನಿಲ್ಲಿಸಿ ಉದ್ದವಾದ ಒಂದು ವಾಕ್ಯ ಹೇಳಿಸಿ. ನಡುವೆ ಉಸಿರು ತೆಗೆದುಕೊಂಡರೆ ಚಟುವಟಿಕೆಯ ವೇಗ ಹೆಚ್ಚಾಗಿದೆ ಎಂದರ್ಥ. ಈ ಅಳತೆಗೋಲನ್ನು ಇಟ್ಟುಕೊಂಡರೆ ಹಗ್ಗ ಜಿಗಿತ, ಮುಟ್ಟಾಟ, ರಿಲೇ ಓಟ ತಾವಾಗಿಯೇ ಹೊರಬೀಳುತ್ತವೆ. ಉಳಿಯುವುದು ಸಮತೋಲನ, ಸ್ನಾಯುಬಲ, ಗುರಿ ಮತ್ತು ಕೈ-ಕಣ್ಣಿನ ಹೊಂದಾಣಿಕೆ. ನನ್ನ ಮಟ್ಟಿಗೆ ಇವು ಓಟದ ಬದಲಿಗೆ ಸಿಕ್ಕ ಅಲ್ಪತೃಪ್ತಿಯ ಆಟಗಳಲ್ಲ. ಮೈದಾನದಲ್ಲಿ ಇವಕ್ಕೆ ಸಮಯವೇ ಸಿಗುವುದಿಲ್ಲ.

ಇಪ್ಪತ್ತು ನಿಮಿಷವನ್ನು ನಾನು ಹೀಗೆ ಹಂಚುತ್ತೇನೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು, ಒಂದೊಂದರಲ್ಲಿ ಐವರು ಮಕ್ಕಳು, ಒಂದೊಂದಕ್ಕೆ ನಾಲ್ಕು ನಿಮಿಷ. ಉಳಿದ ನಾಲ್ಕು ನಿಮಿಷ ಕೈಕಾಲು ಸಡಿಲಿಸಲು ಮತ್ತು ನೆಲೆ ಬದಲಿಸಲು. ಮೊದಲ ಮೂಲೆಯಲ್ಲಿ ಒಂಟಿ ಕಾಲಿನ ನಿಲುವು, ಅದು ಚೆನ್ನಾಗಿ ಬಂದವರಿಗೆ ಕಣ್ಣು ಮುಚ್ಚಿ. ಎರಡನೆಯದರಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿದ್ದಂತೆ ಕೂರುವುದು. ಉಸಿರು ಕಟ್ಟಬಾರದು, ಸಾಕೆನಿಸಿದಾಗ ಏಳಬಹುದು. ಮೂರನೆಯದರಲ್ಲಿ ಬಟ್ಟೆಯ ಉಂಡೆಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ, ಮೊದಲು ಒಂದು, ಆಮೇಲೆ ಎರಡು, ಕೈ ಪಳಗಿದವರಿಗೆ ಮೂರು. ನಾಲ್ಕನೆಯದರಲ್ಲಿ ನೆಲದಿಂದ ಕೈ ಊರದೆ, ಹತ್ತು ಎಣಿಸುವಷ್ಟು ಹೊತ್ತು ತೆಗೆದುಕೊಂಡು ಎದ್ದು ನಿಲ್ಲುವುದು.

ಸ್ಪರ್ಧೆ ಬೇಡವೆಂದರೆ ಮಕ್ಕಳು ಕೇಳುವುದಿಲ್ಲ, ಬೇಡವೆನ್ನಲೂಬಾರದು. ಆದರೆ ಗಡಿಯಾರವನ್ನು ತಿರುಗಿಸಿಬಿಡಿ: ಯಾರು ಬೇಗ ಎನ್ನುವ ಬದಲು ಯಾರು ನಿಧಾನ, ಯಾರ ಕೈಯಿಂದ ಉಂಡೆ ಕಡಿಮೆ ಬಿತ್ತು. ವೇಗದ ಪಂದ್ಯ ಇಟ್ಟ ಕ್ಷಣದಲ್ಲಿ ಉಸಿರು ಏರುತ್ತದೆ, ಇಡೀ ಲೆಕ್ಕ ಕೆಡುತ್ತದೆ. ಜೋರು ತಾಳದ ಸಂಗೀತವೂ ಇದೇ ಕೆಲಸ ಮಾಡುತ್ತದೆ.

ನೆಲದ ವಿಷಯವೊಂದು ಉಳಿದಿದೆ. ಒಣ ಪೊರಕೆಯಿಂದ ಗುಡಿಸಿದ ಕೂಡಲೇ ಮಕ್ಕಳನ್ನು ಚಾಪೆಯ ಮೇಲೆ ಮಲಗಿಸಿದರೆ ನಾವೇ ಧೂಳೆಬ್ಬಿಸಿ ಅವರಿಗೆ ಕೊಟ್ಟಂತೆ. ಹಿಂದಿನ ಸಂಜೆಯೇ ಒದ್ದೆ ಬಟ್ಟೆಯಿಂದ ಒರೆಸಿಡಬೇಕು. ಕೋಣೆಯಲ್ಲಿ ಊದುಬತ್ತಿ, ಸೊಳ್ಳೆ ಬತ್ತಿ ಉರಿಸಬಾರದು, ಅವೂ ಸೂಕ್ಷ್ಮ ಕಣಗಳನ್ನೇ ಹೊರಹಾಕುತ್ತವೆ.

ಉಬ್ಬಸ ಇರುವ ಮಗುವನ್ನು ಮೂಲೆಯಲ್ಲಿ ಪ್ರೇಕ್ಷಕನನ್ನಾಗಿ ಕೂರಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮೇಲೆ ಹೇಳಿದ ನಾಲ್ಕು ನೆಲೆಗಳಲ್ಲೂ ಅದು ಎಲ್ಲರೊಡನೆ ಇರಬಹುದು, ವೈದ್ಯರು ಬೇಡವೆಂದಿಲ್ಲದಿದ್ದರೆ. ಅದರ ಇನ್‌ಹೇಲರ್ ಮಾತ್ರ ಅದೇ ಕೋಣೆಯಲ್ಲಿರಬೇಕು, ಕಚೇರಿಯ ಬೀಗ ಹಾಕಿದ ಕಪಾಟಿನಲ್ಲಿ ಇರಬಾರದು. ಬಿಟ್ಟು ಬಿಟ್ಟು ಬರುವ ಒಣ ಕೆಮ್ಮು, ಎದೆ ಬಿಗಿತ, ಸುಯ್ಯೆನ್ನುವ ಉಸಿರು ಕಂಡರೆ ಆಟ ನಿಲ್ಲಿಸಿ, ವೈದ್ಯರು ಬರೆದುಕೊಟ್ಟಂತೆ ಔಷಧ ಕೊಡಿ. ಆರಾಮವಾಗದಿದ್ದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಯೋಜನೆ ಎಲ್ಲಕ್ಕಿಂತ ಹೆಚ್ಚಾಗಿ ಸೋಲುವುದು ಬಿಡುವಿನ ವೇಳೆಯಲ್ಲಿ. ಆಟದ ಅವಧಿಯನ್ನು ಜಾಗ್ರತೆಯಿಂದ ಒಳಗೆ ನಡೆಸಿದ ಶಾಲೆಯೇ ಊಟದ ಗಂಟೆ ಬಾರಿಸಿದ ಮೇಲೆ ಎಲ್ಲರನ್ನೂ ಮೈದಾನಕ್ಕೆ ಬಿಡುತ್ತದೆ, ಮಕ್ಕಳು ಅಲ್ಲಿ ಮನಸಾರೆ ಓಡುತ್ತಾರೆ. ಹಾಗಾಗಿ ಒಬ್ಬರು ಶಿಕ್ಷಕರು ಪ್ರತಿದಿನ ಒಂದು ನಿಗದಿತ ಹೊತ್ತಿಗೆ, ಬೆಳಗಿನ ಪ್ರಾರ್ಥನೆಗೆ ಮೊದಲು, ಸಮೀಪದ ಮಾಪನ ಕೇಂದ್ರದ ಆ ಗಂಟೆಯ ಅಂಕಿಯನ್ನು ನೋಡಿ ಇಡೀ ದಿನದ ತೀರ್ಮಾನ ಹೇಳಬೇಕು: ಪ್ರಾರ್ಥನೆ, ಬಿಡುವು, ಆಟ ಎಲ್ಲಕ್ಕೂ ಸೇರಿಸಿ. ಗಾಳಿಯ ಗುಣಮಟ್ಟದ ಸೂಚ್ಯಂಕ ನೋಡುವಾಗ ಅದು ಗಂಟೆಯದೋ ಇಪ್ಪತ್ತನಾಲ್ಕು ಗಂಟೆಗಳ ಸರಾಸರಿಯೋ ತಿಳಿದುಕೊಳ್ಳಿ. ಸರಾಸರಿಯಲ್ಲಿ ನಿನ್ನೆಯ ಗಾಳಿ ಬೆರೆತಿರುತ್ತದೆ. ಒಂದೊಂದು ದೇಶದ ಸೂಚ್ಯಂಕ ಒಂದೊಂದು ರೀತಿ ಇರುವುದರಿಂದ ಬೇರೆ ಕಡೆಯ ಬಣ್ಣಗಳ ಪಟ್ಟಿಯನ್ನು ತಂದು ಹೋಲಿಸಬೇಡಿ.

ಮಧ್ಯಾಹ್ನಕ್ಕೆ ಮುನ್ನ ಅಂಕಿಯನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು. ಗಾಳಿಯಾಡದ ತಣ್ಣನೆಯ ಬೆಳಗಿನಲ್ಲಿ ಕಣಗಳು ನೆಲದ ಹತ್ತಿರವೇ ಸಿಕ್ಕಿಕೊಂಡಿರುತ್ತವೆ, ಬಿಸಿಲೇರಿ ನೆಲ ಕಾದಂತೆ ಮೇಲೆ ಹರಡುತ್ತವೆ. ಅಂಥ ಕಾಲದಲ್ಲಿ ಮೊದಲ ಅವಧಿಯ ಆಟವನ್ನು ಮಧ್ಯಾಹ್ನದ ನಂತರಕ್ಕೆ ತಳ್ಳಿದರೆ ಕೆಲವು ದಿನ ಮೈದಾನವೇ ಸಿಗುತ್ತದೆ. ಕಡುಬೇಸಿಗೆಯಲ್ಲಿ ಓಝೋನ್ ಎಂಬ, ಉಸಿರಿಗೆ ಕೆಡುಕಾದ ಅನಿಲ ಹೆಚ್ಚಿರುವ ಕಡೆ ಇದು ತಿರುಗುಮುರುಗು: ಅದು ಬಿಸಿಲಿನಲ್ಲಿ ಹುಟ್ಟಿ ಮಧ್ಯಾಹ್ನ ಏರುತ್ತದೆ, ಆಗ ಬೆಳಗಿನ ಅವಧಿಯೇ ವಾಸಿ. ಓಝೋನ್ ಗೋಡೆ, ಬಟ್ಟೆಗಳಿಗೆ ತಾಗಿ ಬೇಗ ಕರಗುವುದರಿಂದ ಕಿಟಕಿ ಮುಚ್ಚಿದ ಕೋಣೆಯೊಳಗೆ ಅದರ ಪ್ರಮಾಣ ಬಹಳ ಕಡಿಮೆ ಇರುತ್ತದೆ.

ಗಾಳಿ ತಿಳಿಯಾದ ಮೊದಲ ದಿನವೇ ಉದ್ದನೆಯ ಓಟ ಇಡಬೇಡಿ. ಹಲವು ದಿನ ಕೆಟ್ಟ ಗಾಳಿ ಸೇವಿಸಿದ ಮಕ್ಕಳಲ್ಲಿ ಕೆಲವರಿಗೆ ಕೆಮ್ಮು ಇನ್ನೂ ಉಳಿದಿರುತ್ತದೆ. ಮೊದಲು ಚುರುಕಾದ ನಡಿಗೆ, ಮರುದಿನ ಸಣ್ಣ ಓಟ, ಯಾರೂ ಕೆಮ್ಮದಿದ್ದರೆ ಅದರ ಮರುದಿನ ಎಂದಿನ ಪಾಠ. ನಮಸ್ಕಾರ.