ಕ್ಯಾಮೆರಾ ಕಾಣ್ತಿಲ್ಲ ಅಂದಾಗ ಮೊದಲು ಕಿವಿ ಕೊಡಿ

ಕೇಳುಗರಿಗೆ ನಮಸ್ಕಾರ. ತುಮಕೂರಿನಲ್ಲಿ ನನ್ನದೊಂದು ಪುಟ್ಟ ಸ್ಟುಡಿಯೋ ಇದೆ. ಮದುವೆ ಫೋಟೋಗೆ ಓಡಾಡುವುದನ್ನು ಬಿಟ್ಟು ಕೆಲವು ವರ್ಷ ಆಯಿತು. ಈಗ ತೆಗೆಯುವುದೆಲ್ಲ ವಸ್ತುಗಳ ಫೋಟೋ. ಎಣ್ಣೆ ಬಾಟಲಿ, ಉಪ್ಪಿನಕಾಯಿ ಜಾಡಿ, ಹಪ್ಪಳದ ಪೊಟ್ಟಣ, ಹೀಗೆ. ಆನ್‌ಲೈನ್‌ನಲ್ಲಿ ಮಾರುವವರಿಗೆ ಬೇಕಾದ ಫೋಟೋಗಳು.

ಈ ಕೆಲಸಕ್ಕೆ ನಾವು ಕ್ಯಾಮೆರಾವನ್ನು ಕೇಬಲ್ ಹಾಕಿ ಕಂಪ್ಯೂಟರ್‌ಗೆ ಕಟ್ಟಿರುತ್ತೇವೆ. ಇಂಗ್ಲಿಷ್‌ನಲ್ಲಿ ಟೆದರಿಂಗ್ ಅನ್ನುತ್ತಾರೆ, ಹಸುವನ್ನು ಗೂಟಕ್ಕೆ ಕಟ್ಟುತ್ತೇವಲ್ಲ, ಅದಕ್ಕೂ ಅದೇ ಪದ. ಕ್ಲಿಕ್ ಮಾಡಿದ ಒಂದೆರಡು ಸೆಕೆಂಡಿಗೆ ಫೋಟೋ ದೊಡ್ಡ ಪರದೆಯ ಮೇಲೆ ಬರುತ್ತದೆ. ಕ್ಯಾಮೆರಾ ಹಿಂದಿನ ಮೂರು ಇಂಚಿನ ಪರದೆಯಲ್ಲಿ ಗಾಜಿನ ಬಾಟಲಿ ಮೇಲಿನ ಬೆರಳಚ್ಚು ಕಾಣೋದಿಲ್ಲ. ಲೇಬಲ್ ಒಂದು ಕೂದಲೆಳೆ ವಾರೆ ಅಂಟಿಸಿರುವುದೂ ಕಾಣೋದಿಲ್ಲ. ದೊಡ್ಡ ಪರದೆಯಲ್ಲಿ ಎಲ್ಲಾ ಕಾಣುತ್ತದೆ, ಕಟ್ಟಿರುವ ಹಗ್ಗ ಕಿತ್ತುಹೋಗದೆ ಇದ್ದರೆ.

ಅದು ಕಿತ್ತುಹೋಗುವ ಬಗ್ಗೆಯೇ ಇವತ್ತಿನ ಮಾತು. ಒಂದೇ ದಿನದ ಕಥೆ ಹೇಳುತ್ತೇನೆ, ಯಾಕಂದ್ರೆ ಆ ದಿನ ಎರಡು ಸಲ ಸಂಪರ್ಕ ತಪ್ಪಿತು, ಎರಡು ಸಲವೂ ಕಾರಣ ಬೇರೆ.

ತಿಪಟೂರು ಕಡೆಯಿಂದ ಗಾಣದ ಕೊಬ್ಬರಿ ಎಣ್ಣೆ ಮಾಡುವವರೊಬ್ಬರು ಬಂದಿದ್ದರು. 200 ಎಂಎಲ್, 500 ಎಂಎಲ್, 1 ಲೀಟರ್, ಹೀಗೆ ಮೂರು ಅಳತೆಯ ಗಾಜಿನ ಬಾಟಲಿ. ಬಾಟಲಿಯ ಎರಡೂ ಪಕ್ಕ ಎಲ್‌ಇಡಿ ಲೈಟು, ಅದರ ಮುಂದೆ ಬಿಳಿ ಬಟ್ಟೆ, ಎಲ್ಲಾ ರೆಡಿ. ಕೇಬಲ್ ಚುಚ್ಚಿದೆ. ಸಾಫ್ಟ್‌ವೇರ್‌ನಲ್ಲಿ ಕ್ಯಾಮೆರಾನೇ ಇಲ್ಲ. ಪರದೆ ಮೇಲೆ ಒಂದೇ ಸಾಲು, ಕ್ಯಾಮೆರಾ ಸಿಗಲಿಲ್ಲ ಅಂತ. ಎಣ್ಣೆ ಯಜಮಾನರು ಕೂತಲ್ಲಿಂದಲೇ, "ಏನ್ ಸಾರ್, ಕೆಟ್ಟೋಯ್ತಾ?" ಅಂದರು.

ಇಂಥ ಹೊತ್ತಲ್ಲಿ ಎಲ್ಲರೂ ಮಾಡುವುದು ಒಂದೇ. ಸಾಫ್ಟ್‌ವೇರ್ ಮುಚ್ಚಿ ತೆರೆಯುವುದು, ಕಂಪ್ಯೂಟರ್ ರೀಸ್ಟಾರ್ಟ್ ಮಾಡುವುದು, ಅದೂ ಆಗದಿದ್ದರೆ ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕುವುದು. ನಾನೂ ಮಾಡಿದ್ದೇನೆ, ಅರ್ಧ ದಿನ ಹಾಳು ಮಾಡಿಕೊಂಡಿದ್ದೇನೆ. ಈಗ ಹಾಗೆ ಮಾಡುವುದಿಲ್ಲ. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಕ್ಯಾಮೆರಾ ಕಾಣದೆ ಇರುವುದು ಈ ಸಾಫ್ಟ್‌ವೇರ್‌ಗೆ ಮಾತ್ರವಾ, ಇಲ್ಲಾ ಕಂಪ್ಯೂಟರ್‌ಗೇ ಕಾಣ್ತಿಲ್ವಾ?

ಇದಕ್ಕೆ ಉತ್ತರ ಕಿವಿಯಿಂದಲೇ ಸಿಗುತ್ತದೆ. ವಿಂಡೋಸ್ ಕಂಪ್ಯೂಟರ್‌ಗೆ ಯುಎಸ್‌ಬಿಯಲ್ಲಿ ಏನಾದರೂ ಚುಚ್ಚಿದರೆ ಒಂದು ಶಬ್ದ ಬರುತ್ತದೆ, ಕಿತ್ತರೆ ಇನ್ನೊಂದು. ಹಾಗಾಗಿ ಸ್ಪೀಕರ್ ಬಂದ್ ಮಾಡಿಕೊಂಡು ಕೆಲಸ ಮಾಡಬೇಡಿ. ಕ್ಯಾಮೆರಾ ಆನ್ ಇಟ್ಟು ಕೇಬಲ್ ಚುಚ್ಚಿದಾಗ ಆ ಶಬ್ದ ಬರದಿದ್ದರೆ ಸಾಫ್ಟ್‌ವೇರ್ ತಂಟೆಗೆ ಹೋಗಲೇಬೇಡಿ. ತೊಂದರೆ ಕೇಬಲ್‌ನಲ್ಲಿ, ಪೋರ್ಟ್‌ನಲ್ಲಿ, ಇಲ್ಲಾ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಇದೆ. ಬರೀ ಚಾರ್ಜ್ ಮಾಡುವ ಕೇಬಲ್‌ಗಳು ಇರುತ್ತವೆ, ಅವುಗಳಲ್ಲಿ ಡೇಟಾ ಹೋಗುವ ತಂತಿಯೇ ಇರುವುದಿಲ್ಲ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಕ್ಯಾನನ್‌ನ ಬಹಳಷ್ಟು ಕ್ಯಾಮೆರಾಗಳಲ್ಲಿ ವೈಫೈ ಆನ್ ಇದ್ದರೆ ಕೇಬಲ್ ಸಂಪರ್ಕ ಕೆಲಸ ಮಾಡುವುದಿಲ್ಲ. ಸೋನಿಯಲ್ಲಿ ಶಬ್ದ ಬಂದರೂ ಸಾಲದು, ಯುಎಸ್‌ಬಿ ಮೆನುಗೆ ಹೋಗಿ PC Remote ಅಂತ ಆರಿಸಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಅದನ್ನು ಸುಮ್ನೆ ಒಂದು ಪೆನ್ ಡ್ರೈವ್ ಅಂದುಕೊಳ್ಳಬಹುದು.

ಆವತ್ತು ಶಬ್ದ ಬಂತು. ಕಂಪ್ಯೂಟರ್‌ಗೆ ಜೋಡಿಸಿರುವ ಸಾಧನಗಳ ಪಟ್ಟಿ ತೋರಿಸುವ Device Manager ತೆರೆದು ನೋಡಿದೆ, Portable Devices ಕೆಳಗೆ ಕ್ಯಾಮೆರಾದ ಮಾಡೆಲ್ ಹೆಸರು ಸರಿಯಾಗಿಯೇ ಇತ್ತು. ಅಂದರೆ ಕೇಬಲ್ ಸರಿ, ಪೋರ್ಟ್ ಸರಿ, ಕ್ಯಾಮೆರಾನೂ ಸರಿ. ಕಂಪ್ಯೂಟರ್‌ಗೆ ಕಾಣುತ್ತಿದೆ, ನನ್ನ ಸಾಫ್ಟ್‌ವೇರ್‌ಗೆ ಮಾತ್ರ ಕಾಣ್ತಿಲ್ಲ. ಹಾಗಾದರೆ ಬೇರೆ ಯಾರೋ ಅದನ್ನು ಮೊದಲೇ ಹಿಡಿದುಕೊಂಡಿದ್ದಾರೆ ಅಂತ ಅನುಮಾನ ಬಂತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟೆದರಿಂಗ್‌ನಲ್ಲಿ ಕ್ಯಾಮೆರಾವನ್ನು ಒಂದು ಹೊತ್ತಿಗೆ ಒಂದು ಸಾಫ್ಟ್‌ವೇರ್ ಮಾತ್ರ ನಡೆಸಬಹುದು. ಪಬ್ಲಿಕ್ ನಲ್ಲಿಗೆ ಒಬ್ಬರು ಪೈಪ್ ಹಾಕಿಕೊಂಡರೆ ಇನ್ನೊಬ್ಬರ ಬಿಂದಿಗೆ ಕಾಯಬೇಕಲ್ಲ, ಹಾಗೆ. ಕ್ಯಾಮೆರಾ ಕಂಪನಿಗಳ ಸ್ವಂತ ಸಾಫ್ಟ್‌ವೇರ್ ಇರುತ್ತದೆ, ಕ್ಯಾನನ್‌ಗೆ ಇಒಎಸ್ ಯುಟಿಲಿಟಿ ಇದ್ದ ಹಾಗೆ. ಇಂಥವು ಕ್ಯಾಮೆರಾ ಚುಚ್ಚಿದ ತಕ್ಷಣ ತಾವೇ ಎದ್ದು ಬರುವಂತೆ ಹಿನ್ನೆಲೆಯಲ್ಲಿ ಕಾದು ಕೂತಿರುತ್ತವೆ. ಲೈಟ್‌ರೂಮ್ ಅಥವಾ ಕ್ಯಾಪ್ಚರ್ ಒನ್‌ನಂಥ ಟೆದರಿಂಗ್ ಸಾಫ್ಟ್‌ವೇರ್ ಬಂದು ಕೇಳುವಷ್ಟರಲ್ಲಿ ಜಾಗ ಭರ್ತಿ. ಮ್ಯಾಕ್‌ನಲ್ಲಿ ಫೋಟೋಸ್ ಆಪ್ ಅಡ್ಡ ಬರುವುದುಂಟು. ಅಲ್ಲಿ Image Capture ತೆರೆದು, ಎಡಗಡೆ ಕ್ಯಾಮೆರಾ ಆರಿಸಿ, ಕೆಳಗಿನ ಆಯ್ಕೆಯಲ್ಲಿ No application ಅಂತ ಇಟ್ಟರೆ ಅದು ತಾನಾಗಿ ತೆರೆದುಕೊಳ್ಳುವುದು ನಿಲ್ಲುತ್ತದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಗಡಿಯಾರದ ಪಕ್ಕ ಸಣ್ಣ ಸಣ್ಣ ಗುರುತುಗಳು ಬಚ್ಚಿಟ್ಟುಕೊಂಡಿರುತ್ತವಲ್ಲ, ಅಲ್ಲಿ ಬಾಣದ ಗುರುತು ಒತ್ತಿ ನೋಡಿದೆ. ಕ್ಯಾಮೆರಾ ಕಂಪನಿಯ ಸಾಫ್ಟ್‌ವೇರ್ ಅಲ್ಲಿ ಕೂತಿತ್ತು. ಸ್ಟುಡಿಯೋದ ಹುಡುಗನನ್ನು ಕೇಳಿದೆ. "ಅಣ್ಣಾ, ನಿನ್ನೆ ಕ್ಯಾಮೆರಾ ಅಪ್‌ಡೇಟ್ ಮಾಡೋಕೆ ಅಂತ ನಾನೇ ಹಾಕಿದ್ದೆ" ಅಂದ. ರೈಟ್ ಕ್ಲಿಕ್ ಮಾಡಿ ಅದನ್ನು ಮುಚ್ಚಿದೆ, ಕಂಪ್ಯೂಟರ್ ಆನ್ ಆದಾಗ ಅದು ತಾನೇ ಶುರುವಾಗದಂತೆ ಮಾಡಿದೆ. ಆಮೇಲೆ ಕ್ಯಾಮೆರಾ ಆಫ್ ಮಾಡಿ, ಕೇಬಲ್ ಕಿತ್ತು, ಹತ್ತು ಎಣಿಸಿ, ಮತ್ತೆ ಕೇಬಲ್ ಚುಚ್ಚಿ ಕ್ಯಾಮೆರಾ ಆನ್ ಮಾಡಿದೆ. ಸಂಪರ್ಕ ಬಂತು. ಈ ಕಿತ್ತು ಚುಚ್ಚುವುದನ್ನು ಬಿಡಬೇಡಿ. ಹಿಡಿದುಕೊಂಡಿದ್ದ ಸಾಫ್ಟ್‌ವೇರ್ ಹೋದರೂ ಕೆಲವು ಸಲ ಕ್ಯಾಮೆರಾ ಇನ್ನೂ ಹಳೆಯ ಸಂಪರ್ಕದಲ್ಲೇ ಇರುತ್ತದೆ.

ಕೆಲಸ ಸಾಗಿತು. ಎಸಿ ಜಾಸ್ತಿ ಇಟ್ಟಿದ್ದರಿಂದ ಎಣ್ಣೆ ತಳದಲ್ಲಿ ಮಂಜು ಮಂಜಾಗಿತ್ತು. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿಗೆ ಇಳಿದರೆ ಗಟ್ಟಿಯಾಗಲು ಶುರುವಾಗುತ್ತದೆ. ಬರಿಗಣ್ಣಿಗೆ ಗೊತ್ತಾಗಿರಲಿಲ್ಲ, ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಾಗ ಕಂಡಿತು. ಬಾಟಲಿಗಳನ್ನು ಬಿಸಿನೀರಲ್ಲಿ ಇಟ್ಟು, ಒರೆಸಿ, ಮತ್ತೆ ತೆಗೆದೆವು.

ಮಧ್ಯಾಹ್ನ ಊಟ ಆದಮೇಲೆ ಎರಡನೇ ಕಾಟ. ನಾಲ್ಕೈದು ಫೋಟೋ ಸರಿಯಾಗಿ ಬರುತ್ತದೆ. ಮುಂದಿನ ಬಾಟಲಿ ಇಡಲು, ಹಿಂದೆ ಕೊಬ್ಬರಿ ಹೋಳು ಜೋಡಿಸಲು ಐದಾರು ನಿಮಿಷ ಹಿಡಿಯುತ್ತದೆ. ಮತ್ತೆ ಕ್ಲಿಕ್ ಮಾಡಿದರೆ ಸಾಫ್ಟ್‌ವೇರ್‌ಗೆ ಉಸಿರೇ ಇಲ್ಲ. ಕಿತ್ತು ಚುಚ್ಚಿದರೆ ಸರಿ, ಇನ್ನೈದು ನಿಮಿಷಕ್ಕೆ ಮತ್ತೆ ಅದೇ.

ಮಧ್ಯದಲ್ಲಿ ಸಂಪರ್ಕ ತಪ್ಪುತ್ತಿದ್ದರೆ ಅದು ಯಾವಾಗ ತಪ್ಪುತ್ತದೆ ಅನ್ನುವುದನ್ನು ಗಮನಿಸಿ, ಅರ್ಧ ಉತ್ತರ ಅಲ್ಲೇ ಇರುತ್ತದೆ. ಕ್ಯಾಮೆರಾ ಅಥವಾ ಟ್ರೈಪಾಡ್ ಮುಟ್ಟಿದಾಗ ತಪ್ಪಿದರೆ ಕೇಬಲ್ ತುದಿ ಸಡಿಲ ಇದೆ. ಕೇಬಲ್‌ನ ಭಾರ ಪೂರ್ತಿ ಆ ಪುಟ್ಟ ಪೋರ್ಟ್ ಮೇಲೆ ಜೋತು ಬಿದ್ದಿರುತ್ತದೆ. ಟ್ರೈಪಾಡ್ ಕಾಲಿಗೆ ಒಂದು ಸುತ್ತು ಹಾಕಿ ವೆಲ್ಕ್ರೋ ಪಟ್ಟಿ ಕಟ್ಟಿ, ಕ್ಯಾಮೆರಾ ಕಡೆ ಸ್ವಲ್ಪ ಸಡಿಲ ಬಿಡಿ. ಯಾರಾದರೂ ಎಡವಿದರೂ ಎಳೆತ ಟ್ರೈಪಾಡ್‌ಗೆ ಹೋಗುತ್ತದೆ, ಪೋರ್ಟ್‌ಗೆ ಅಲ್ಲ. ಫೋಟೋ ಕಂಪ್ಯೂಟರ್‌ಗೆ ಹೋಗುತ್ತಿರುವಾಗಲೇ ತಪ್ಪಿದರೆ ಕೇಬಲ್ ಉದ್ದ ಜಾಸ್ತಿ ಆಗಿರಬಹುದು. ಸಾಮಾನ್ಯ ಯುಎಸ್‌ಬಿ 2 ಕೇಬಲ್‌ಗೆ ಮಿತಿ 5 ಮೀಟರ್. ಯುಎಸ್‌ಬಿ 3 ಆದರೆ ಸುಮಾರು 3 ಮೀಟರ್ ದಾಟಿದಮೇಲೆ ನಂಬುವ ಹಾಗಿಲ್ಲ. ಎರಡು ಕೇಬಲ್ ಗಂಟು ಹಾಕಿ ಉದ್ದ ಮಾಡಬೇಡಿ, ಒಳಗೆ ಸಿಗ್ನಲ್ ಬಲಪಡಿಸುವ ಆ್ಯಕ್ಟಿವ್ ಕೇಬಲ್ ಅಂತ ಸಿಗುತ್ತದೆ, ಅದನ್ನು ತಗೊಳ್ಳಿ. ಮಧ್ಯೆ ಹಬ್ ಇದ್ದರೆ ಅದನ್ನು ತೆಗೆದು ನೇರವಾಗಿ ಲ್ಯಾಪ್‌ಟಾಪ್‌ಗೇ ಚುಚ್ಚಿ ನೋಡಿ.

ನಮ್ಮದು ಈ ಎರಡೂ ಅಲ್ಲ. ಸುಮ್ಮನಿದ್ದಾಗ ತಪ್ಪುತ್ತಿತ್ತು. ಅಂದರೆ ಯಾರೋ ನಿದ್ದೆ ಹೋಗುತ್ತಿದ್ದಾರೆ. ಕ್ಯಾಮೆರಾನಾ? ಅದರ Auto power off ನೋಡಿದೆ, Disable ಅಂತಲೇ ಇತ್ತು. ಬ್ಯಾಟರಿ ಬದಲು ನೇರ ಕರೆಂಟ್ ಕೊಡುವ ಡಮ್ಮಿ ಬ್ಯಾಟರಿ ಹಾಕಿದ್ದೆ, ಹಾಗಾಗಿ ಚಾರ್ಜ್ ಮುಗಿಯುವ ಮಾತೂ ಇಲ್ಲ. ಇನ್ನೊಂದು ವಿಷಯ, ಸಂಪರ್ಕ ತಪ್ಪುವಾಗ ಆ ಕಿತ್ತ ಶಬ್ದ ಬರುತ್ತಿರಲಿಲ್ಲ. Device Manager ನೋಡಿದರೆ ಕ್ಯಾಮೆರಾ ಹೆಸರು ಅಲ್ಲೇ ಇದೆ. ಕೇಬಲ್ ತೊಂದರೆ ಆಗಿದ್ದರೆ ಶಬ್ದ ಬರಬೇಕಿತ್ತು, ಹೆಸರು ಹೋಗಬೇಕಿತ್ತು. ಹಾಗಾದರೆ ಕಂಪ್ಯೂಟರೇ ಆ ಪೋರ್ಟನ್ನು ಮಲಗಿಸುತ್ತಿದೆ.

ವಿಂಡೋಸ್‌ನಲ್ಲಿ USB selective suspend setting ಅಂತ ಒಂದಿದೆ. ಸ್ವಲ್ಪ ಹೊತ್ತು ಕೆಲಸ ಇಲ್ಲದ ಯುಎಸ್‌ಬಿ ಸಾಧನವನ್ನು ಕರೆಂಟ್ ಉಳಿಸಲು ಮಲಗಿಸುತ್ತದೆ. ಮೌಸ್ ತಕ್ಷಣ ಎದ್ದುಬಿಡುತ್ತದೆ, ಕ್ಯಾಮೆರಾ ಎಲ್ಲಾ ಸಲ ಏಳುವುದಿಲ್ಲ. ಆದರೆ ಇದನ್ನು ನಾನು ತಿಂಗಳ ಹಿಂದೆಯೇ ಆಫ್ ಮಾಡಿದ್ದೆ, ಬೆಳಗ್ಗೆ ಈ ತೊಂದರೆ ಇರಲೂ ಇಲ್ಲ. ಈಗ ಯಾಕೆ?

ತಲೆ ಕೆರೆದುಕೊಂಡು ಕೂತಾಗ ಯಜಮಾನರು ಟವಲ್‌ನಿಂದ ಗಾಳಿ ಬೀಸಿಕೊಳ್ಳುತ್ತಾ, "ಎಸಿ ನಿಂತಿದ್ದು ಒಳ್ಳೇದೇ ಆಯ್ತು ಬಿಡಿ, ಎಣ್ಣೆ ಗಟ್ಟಿ ಆಗಲ್ಲ" ಅಂದರು. ಆಗ ಹೊಳೆಯಿತು. ಕರೆಂಟ್ ಹೋಗಿದೆ! ಲೈಟುಗಳು ಮತ್ತು ಕ್ಯಾಮೆರಾ ಯುಪಿಎಸ್ ಮೇಲಿದ್ದವು, ಆರಲೇ ಇಲ್ಲ, ಹಾಗಾಗಿ ನಾನು ಕರೆಂಟಿನ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಮಾತ್ರ ಗೋಡೆಯ ಸಾಕೆಟ್‌ನಲ್ಲಿತ್ತು. ಅದು ಬ್ಯಾಟರಿ ಮೇಲೆ ಓಡುತ್ತಿತ್ತು.

ಆ ಸೆಟ್ಟಿಂಗ್‌ನಲ್ಲಿ ಎರಡು ಸಾಲು ಇರುತ್ತವೆ, On battery ಒಂದು, Plugged in ಇನ್ನೊಂದು. ನಾನು ಎರಡನೆಯದನ್ನು ಮಾತ್ರ Disabled ಮಾಡಿ ಎದ್ದು ಹೋಗಿದ್ದೆ. ತಪ್ಪು ಪೂರ್ತಿ ನನ್ನದೇ. ಎರಡನ್ನೂ Disabled ಮಾಡಿದೆ, ಚಾರ್ಜರನ್ನು ಯುಪಿಎಸ್‌ಗೆ ಹಾಕಿದೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸೆಟ್ಟಿಂಗ್ ಕಾಣುವುದೇ ಇಲ್ಲ. ಆಗ Device Manager ಒಳಗೆ USB Root Hub ಹುಡುಕಿ, ಅದರ Power Management ನೋಡಿ. Allow the computer to turn off this device to save power ಅನ್ನುವ ಸಾಲಿನ ಟಿಕ್ ತೆಗೆಯಿರಿ. ಒಂದಕ್ಕಿಂತ ಹೆಚ್ಚು ಹಬ್ ಇದ್ದರೆ ಎಲ್ಲದರಲ್ಲೂ ತೆಗೆಯಿರಿ.

ಒಂದು ಭಯ ಉಳಿದಿತ್ತು. ಸಂಪರ್ಕ ತಪ್ಪಿದ ಹೊತ್ತಲ್ಲಿ ಒತ್ತಿದ ಫೋಟೋಗಳು ಎಲ್ಲಿ ಹೋದವು? ಕ್ಯಾಮೆರಾದಲ್ಲಿ ಕಾರ್ಡ್ ಇತ್ತು, ಮೂರು ಫೋಟೋ ಅದರಲ್ಲಿ ಸಿಕ್ಕವು. ಎಲ್ಲಾ ಸಾಫ್ಟ್‌ವೇರ್, ಎಲ್ಲಾ ಕ್ಯಾಮೆರಾ ಹೀಗೆ ಕಾರ್ಡ್‌ಗೂ ಬರೆಯುವುದಿಲ್ಲ. ಇಒಎಸ್ ಯುಟಿಲಿಟಿಯಲ್ಲಿ ಕಂಪ್ಯೂಟರ್‌ಗೆ ಮಾತ್ರವಾ, ಎರಡಕ್ಕೂನಾ ಅಂತ ನಾವೇ ಆರಿಸಬಹುದು. ನಿಮ್ಮದು ಹೇಗೆ ಅಂತ ಗೊತ್ತಾಗಬೇಕಾದರೆ ಶೂಟಿಂಗ್‌ಗೆ ಮೊದಲು ಒಂದು ಫೋಟೋ ತೆಗೆದು ಕಾರ್ಡ್ ತೆರೆದು ನೋಡಿ.

ಕರೆಂಟ್ ಬರುವಷ್ಟರಲ್ಲಿ 1 ಲೀಟರ್ ಬಾಟಲಿಯೂ ಮುಗಿದಿತ್ತು. ಎಸಿ ಶುರುವಾದ ತಕ್ಷಣ ಯಜಮಾನರು ಎದ್ದು ಬಾಟಲಿಗಳನ್ನು ರಟ್ಟಿನ ಡಬ್ಬಕ್ಕೆ ತುಂಬಲು ಶುರು ಮಾಡಿದರು, ಮತ್ತೆ ಗಟ್ಟಿಯಾದಾವು ಅಂತ.